ಆಫೀಸ್ ಶಿಫ್ಟ್ ಮಾಡುವುದು ಹೇಗೆ: ಸಿಬ್ಬಂದಿಯ ಓಡಾಟ ಕೆಡದಂತೆ, ಗ್ರಾಹಕರ ಫೋನ್ ನಿಲ್ಲದಂತೆ

ಬೆಂಗಳೂರಿನಲ್ಲಿ ಆಫೀಸ್ ಬದಲಿಸುವ ಮಾತು ಬಂದರೆ ಮೊದಲು ಚದರಡಿಗೆ ಎಷ್ಟು ಬಾಡಿಗೆ ಅಂತ ನೋಡುತ್ತಾರೆ. ಆಮೇಲೆ ಪಾರ್ಕಿಂಗ್, ಆಮೇಲೆ ವಾಸ್ತು. ಸಿಬ್ಬಂದಿ ಹೇಗೆ ಬರುತ್ತಾರೆ ಅನ್ನುವುದು ಅಗ್ರಿಮೆಂಟಿಗೆ ಸಹಿ ಬಿದ್ದ ಮೇಲೆ ನೆನಪಾಗುತ್ತದೆ. ಇದಕ್ಕೆ ಕಾರಣವೂ ಇದೆ. ಜಾಗ ನೋಡಲು ಹೋಗುವವರು ಸಾಮಾನ್ಯವಾಗಿ ಕಾರಿನಲ್ಲಿ, ಬೆಳಿಗ್ಗೆ ಹನ್ನೊಂದೂವರೆಗೆ ಹೋಗುತ್ತಾರೆ. ದಿನಾ ಎರಡು ಬಸ್ ಬದಲಿಸಿ ಬರುವವರನ್ನು ಯಾರೂ ಜೊತೆಗೆ ಕರೆದುಕೊಂಡು ಹೋಗುವುದಿಲ್ಲ.

ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ. ಮಿಕ್ಸಿ, ವಾಷಿಂಗ್ ಮೆಷಿನ್ ರಿಪೇರಿ ಮಾಡುವ ಒಂದು ಸರ್ವೀಸ್ ಕಂಪನಿ. ಆಫೀಸು ಜಯನಗರದಲ್ಲಿ, ಸಿಬ್ಬಂದಿ 50 ಜನ. ಅದರಲ್ಲಿ 14 ಜನ ಗ್ರಾಹಕರ ಫೋನ್ ತೆಗೆಯುವವರು. ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ಎರಡು ಪಾಳಿ. ಮೂವರು ಮುಂದಿನ ಕೌಂಟರಿನಲ್ಲಿ ಸ್ಪೇರ್ ಪಾರ್ಟ್ಸ್ ಕೊಡುತ್ತಾರೆ. ಉಳಿದವರು ಲೆಕ್ಕಪತ್ರ, ಸ್ಟೋರ್ಸ್, ಮೇಲ್ವಿಚಾರಣೆ. ಬಾಡಿಗೆ ಏರಿದೆ, ನಾಲ್ಕು ತಿಂಗಳಲ್ಲಿ ಖಾಲಿ ಮಾಡಬೇಕು. ಎರಡು ಜಾಗ ಸಿಕ್ಕಿವೆ: ಹೊಸೂರು ರಸ್ತೆಯ ಕೂಡ್ಲು ಗೇಟ್ ಹತ್ತಿರ ಒಂದು, ಯಶವಂತಪುರದಲ್ಲಿ ಒಂದು. ಅಂಕಿಗಳು ಉದಾಹರಣೆಗೆ ಮಾತ್ರ. ಲೆಕ್ಕ ಹಾಕುವ ರೀತಿ ಯಾವ ಆಫೀಸಿಗಾದರೂ ಹೊಂದುತ್ತದೆ.

ಹಂತ 1: ಜಾಗ ನೋಡುವ ಮೊದಲು ಓಡಾಟದ ಪಟ್ಟಿ

"ನೀವು ಎಲ್ಲಿರೋದು?" ಅಂತ ಕೇಳಿದರೆ ಸಾಲದು. ಬನಶಂಕರಿ ಅಂದರೆ ಎರಡನೇ ಹಂತವೂ ಹೌದು, ಆರನೇ ಹಂತವೂ ಹೌದು. ಎರಡರ ಮಧ್ಯೆ ಎಷ್ಟು ದೂರ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಎಲ್ಲರಿಂದ ಇಷ್ಟು ಕೇಳಿ: ಹತ್ತುವ ಬಸ್ ಸ್ಟಾಪ್ ಅಥವಾ ಮೆಟ್ರೋ ನಿಲ್ದಾಣ ಯಾವುದು, ಮನೆ ಬಿಡುವ ಹೊತ್ತು, ಆಫೀಸ್ ತಲುಪುವ ಹೊತ್ತು, ಯಾವ ವಾಹನ, ದಿನಕ್ಕೆ ಎಷ್ಟು ಖರ್ಚು. ಕೊನೆಗೆ ಇನ್ನೊಂದು ಪ್ರಶ್ನೆ: ಬದಲಿಸಲು ಆಗದ ಹೊತ್ತು ಏನಾದರೂ ಇದೆಯಾ? ಮಗುವನ್ನು ಎಂಟೂವರೆಗೆ ಶಾಲೆಗೆ ಬಿಡಬೇಕು, ಸಂಜೆ ಡೇಕೇರ್ ಏಳಕ್ಕೆ ಮುಚ್ಚುತ್ತದೆ, ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಇಂಥವು. ಮನೆ ನಂಬರು, ಪೂರ್ತಿ ವಿಳಾಸ ಬೇಡ. ಅದು ಈ ಲೆಕ್ಕಕ್ಕೆ ಬೇಕಾಗುವುದೂ ಇಲ್ಲ.

ಖರ್ಚಿನ ಪ್ರಶ್ನೆಯನ್ನು ಬಿಡಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ವಜ್ರ ಎಸಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ, ಮೆಟ್ರೋಗೂ ಇಲ್ಲ. ಈಗ ಒಂದೇ ಬಸ್ಸಿನಲ್ಲಿ ಪುಕ್ಕಟೆ ಬರುತ್ತಿರುವವರು ಹೊಸ ಜಾಗಕ್ಕೆ ಮೆಟ್ರೋದಲ್ಲೇ ಬರಬೇಕಾಯಿತು ಅನ್ನಿ. ಒಂದು ಕಡೆಗೆ 40 ರೂಪಾಯಿ ಅಂದರೂ ತಿಂಗಳಿಗೆ 25 ದಿನಕ್ಕೆ 2,000 ರೂಪಾಯಿ ಹೊಸ ಖರ್ಚು. ಹದಿನೆಂಟು ಸಾವಿರ ಸಂಬಳದವರಿಗೆ ಅದು ಸಂಬಳ ಕಡಿತವೇ. ಮೆಟ್ರೋ ಪಕ್ಕದಲ್ಲೇ ಇದೆ, ಇನ್ನೇನು ಬೇಕು ಅನ್ನುವವರಿಗೆ ಈ ಲೆಕ್ಕ ಕಾಣುವುದಿಲ್ಲ.

ಹಂತ 2: ಮನೆ ಬಾಗಿಲಿಂದ ಆಫೀಸ್ ಬಾಗಿಲಿಗೆ

ಈಗ ಪ್ರತಿಯೊಬ್ಬರಿಗೂ ಎರಡು ಜಾಗಕ್ಕೆ ಆಗುವ ಹೊತ್ತು ಹಾಕಿ. ಗೂಗಲ್ ಮ್ಯಾಪ್ಸ್‌ನಲ್ಲಿ ತಲುಪಬೇಕಾದ ಸಮಯ ಕೊಟ್ಟು ನೋಡಬಹುದು. ವಾಹನಕ್ಕೆ ಅದು 35ರಿಂದ 70 ನಿಮಿಷ ಅಂತ ಎರಡು ಅಂಕಿ ತೋರಿಸಿದರೆ ದೊಡ್ಡದರ ಹತ್ತಿರ ಇರುವುದನ್ನೇ ಬರೆದುಕೊಳ್ಳಿ. ಮಂಗಳವಾರ ಇಲ್ಲವೇ ಬುಧವಾರದ ಹೊತ್ತು ನೋಡಿ. ಶುಕ್ರವಾರ ಹಲವರು ಮನೆಯಿಂದಲೇ ಕೆಲಸ ಮಾಡುತ್ತಾರೆ, ರಸ್ತೆ ಸುಳ್ಳು ಹೇಳುತ್ತದೆ. ಸಂಜೆಯ ದಾರಿಯನ್ನು ಬೇರೆಯಾಗಿ ನೋಡಿ. ಬೆಳಿಗ್ಗೆ ಸುಲಭವಾಗಿರುವ ದಾರಿ ಸಂಜೆ ಉಲ್ಟಾ ಇರಬಹುದು.

ಮೆಟ್ರೋ ಲೆಕ್ಕದಲ್ಲಿ ಮೂರು ಹೊತ್ತು ಬಿಟ್ಟುಹೋಗುತ್ತವೆ: ರೈಲಿಗೆ ಕಾಯುವುದು, ರೈಲು ಬದಲಿಸುವುದು, ನಿಲ್ದಾಣದಿಂದ ನಡೆಯುವುದು. ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ಇದ್ದದ್ದು ಮೂರೇ ರೈಲು. ಸುಮಾರು 25 ನಿಮಿಷಕ್ಕೊಂದು. ಒಂದು ತಪ್ಪಿದರೆ ಅರ್ಧ ಗಂಟೆ ಹೋಯಿತು. ಆಮೇಲೆ ರೈಲು ಬಂದ ಹಾಗೆ ಅಂತರ ಕಡಿಮೆಯಾಗುತ್ತಾ ಬಂತು. ಹೀಗಾಗಿ ಮಾರ್ಗದ ಬಣ್ಣ ನೋಡಿ ತೀರ್ಮಾನ ಬೇಡ. ನೀವು ಬರಬೇಕಾದ ಹೊತ್ತಿಗೆ ಎಷ್ಟು ನಿಮಿಷಕ್ಕೊಂದು ರೈಲಿದೆ ಅಂತ ನಿಲ್ದಾಣದಲ್ಲಿ ನಿಂತು ನೋಡಿ.

ಸ್ಪ್ರೆಡ್‌ಶೀಟ್‌ನಲ್ಲಿ ಈಗಿನ ಹೊತ್ತು F ಕಾಲಮ್ಮಿನಲ್ಲಿ, ಹೊಸದು G ಯಲ್ಲಿ, ಹೊಸದರಿಂದ ಈಗಿನದನ್ನು ಕಳೆದ ವ್ಯತ್ಯಾಸ H ನಲ್ಲಿ ಇರಲಿ. ನೋಡಬೇಕಾದ್ದು ಮೂರು ಅಂಕಿ, ಸರಾಸರಿ ಎಷ್ಟು, 30 ನಿಮಿಷ ಮೀರಿದವರು ಎಷ್ಟು ಜನ, 15 ನಿಮಿಷ ಮೀರಿದವರು ಎಷ್ಟು ಜನ:

```
=AVERAGE(H2:H51)
=COUNTIF(H2:H51,">30")
=COUNTIF(H2:H51,">15")
```

ನಮ್ಮ ಉದಾಹರಣೆಯಲ್ಲಿ ಏನಾಯಿತು ನೋಡಿ. ಕೂಡ್ಲು ಗೇಟ್ ಜಾಗಕ್ಕೆ ಬೊಮ್ಮನಹಳ್ಳಿ, ಹೊಸ ರೋಡ್, ಚಂದಾಪುರ ಕಡೆಯ 18 ಜನರಿಗೆ 20 ನಿಮಿಷ ಉಳಿಯುತ್ತದೆ. ಜೆ.ಪಿ. ನಗರ, ಬನಶಂಕರಿ ಕಡೆಯ 20 ಜನರಿಗೆ 15 ನಿಮಿಷ ಜಾಸ್ತಿ. ಕೆಂಗೇರಿ, ರಾಜಾಜಿನಗರ, ನಾಗಸಂದ್ರ ಕಡೆಯ 12 ಜನರಿಗೆ 40 ನಿಮಿಷ ಜಾಸ್ತಿ. ಸರಾಸರಿ ತೆಗೆದರೆ ತಲೆಗೆ 8 ನಿಮಿಷ ಅಷ್ಟೇ. ಯಶವಂತಪುರಕ್ಕೆ ಲೆಕ್ಕ ಬೇರೆ. ಆ 12 ಜನರಿಗೆ 15 ನಿಮಿಷ ಉಳಿಯುತ್ತದೆ, 33 ಜನರಿಗೆ 22 ನಿಮಿಷ ಜಾಸ್ತಿ, ಮೆಟ್ರೋದಿಂದ ದೂರ ಇರುವ ಐವರಿಗೆ 40 ನಿಮಿಷ ಜಾಸ್ತಿ. ಸರಾಸರಿ 15 ನಿಮಿಷ.

ಸರಾಸರಿ ಮಾತ್ರ ನೋಡಿದರೆ ಕೂಡ್ಲು ಗೇಟ್ ಗೆಲ್ಲುತ್ತದೆ. 30 ನಿಮಿಷ ಮೀರಿದವರನ್ನು ಎಣಿಸಿದರೆ ಯಶವಂತಪುರ ಗೆಲ್ಲುತ್ತದೆ, 12ಕ್ಕೆ ಎದುರು 5. ಒಂದು ಕಡೆಗೆ 40 ನಿಮಿಷ ಜಾಸ್ತಿ ಆದವರು ದಿನಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಕಳೆದುಕೊಳ್ಳುತ್ತಾರೆ. ಅವರು ಸುಮ್ನೆ ಗೊಣಗುವುದಿಲ್ಲ, ಬೇರೆ ಕೆಲಸ ಹುಡುಕುತ್ತಾರೆ. ಹಾಗಂತ 33 ಜನರಿಗೆ ದಿನಕ್ಕೆ ಮುಕ್ಕಾಲು ಗಂಟೆ ಹೊರೆ ಹಾಕುವುದೂ ಸಣ್ಣ ಮಾತಲ್ಲ.

ಹಂತ 3: ಆ ಹನ್ನೆರಡು ಜನ ಯಾರು?

ಎರಡು ಜಾಗದಲ್ಲಿ ಯಾವುದು ಅಂತ ತೀರ್ಮಾನಿಸುವುದು ಇಲ್ಲಿ. ತುಂಬಾ ಕಷ್ಟ ಯಾರಿಗೆ ಆಗುತ್ತದೋ ಅವರ ಹೆಸರಿನ ಮುಂದೆ ಕೆಲಸವನ್ನೂ ಪಾಳಿಯನ್ನೂ ಬರೆಯಿರಿ. ನಮ್ಮ 12 ಜನರಲ್ಲಿ 7 ಜನ ಫೋನ್ ಡೆಸ್ಕಿನವರು, ಮೂವರು ಕೌಂಟರಿನವರು, ಇಬ್ಬರು ಲೆಕ್ಕಪತ್ರದವರು. ಅಂದರೆ ಗ್ರಾಹಕರ ಜೊತೆ ಮಾತಾಡುವ ಅರ್ಧಕ್ಕಿಂತ ಹೆಚ್ಚು ಪಡೆ ಒಂದೇ ಪಟ್ಟಿಯಲ್ಲಿದೆ. ಕೂಡ್ಲು ಗೇಟ್‌ಗೆ ಹೋಗಿ ಇವರಲ್ಲಿ ನಾಲ್ವರು ಬಿಟ್ಟರೂ ಫೋನ್ ಸೇವೆ ಕುಸಿಯುತ್ತದೆ. ಹೊಸಬರು ಬಂದರೂ ಯಾವ ಮಾಡೆಲ್ಲಿಗೆ ಯಾವ ಪಾರ್ಟ್ ಅಂತ ಕಲಿಯಲು ತಿಂಗಳುಗಳೇ ಬೇಕು. ಓಡಾಟದ ಸಮಸ್ಯೆ, ಗ್ರಾಹಕ ಸೇವೆಯ ಸಮಸ್ಯೆ ಎರಡೂ ಒಂದೇ ಅಂತ ಆಗ ಗೊತ್ತಾಗುತ್ತದೆ.

ಇನ್ನೊಂದು ಕಡೆಯಿಂದಲೂ ನೋಡಿ. ಕೌಂಟರಿಗೆ ನಡೆದು ಬರುವ ಗ್ರಾಹಕರು ಬಹುಪಾಲು ಜಯನಗರ, ಬಸವನಗುಡಿ, ಜೆ.ಪಿ. ನಗರದವರು. ಮಿಕ್ಸಿ ಜಾರ್ ಹಿಡಿದುಕೊಂಡು ಕೂಡ್ಲು ಗೇಟ್‌ಗೂ ಬರುವುದಿಲ್ಲ, ಯಶವಂತಪುರಕ್ಕೂ ಬರುವುದಿಲ್ಲ. ಹೇಗಿದ್ದರೂ ಜಯನಗರದಲ್ಲಿ ಒಂದು ಚಿಕ್ಕ ಅಂಗಡಿ ಉಳಿಸಿಕೊಳ್ಳಬೇಕು. ಆ ಅಂಗಡಿಯ ಹಿಂದೆ ಅಥವಾ ಮೇಲೆ ಒಂದು ರೂಮು ತೆಗೆದುಕೊಂಡು ನಾಲ್ಕು ಫೋನ್ ಸೀಟು ಹಾಕಿದರೆ? ಫೋನ್ ಡೆಸ್ಕಿನ 7 ಜನ ಎರಡು ಪಾಳಿಯಲ್ಲಿ, ನಾಲ್ವರು ಬೆಳಿಗ್ಗೆ, ಮೂವರು ಸಂಜೆ, ಅಲ್ಲೇ ಕೂರುತ್ತಾರೆ. ಕೌಂಟರಿನ ಮೂವರು ಇದ್ದಲ್ಲೇ ಇರುತ್ತಾರೆ. ಉಳಿದದ್ದು ಲೆಕ್ಕಪತ್ರದ ಇಬ್ಬರು. ಅವರಿಗೆ ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ.

ಮತ್ತೆ ಲೆಕ್ಕ ಹಾಕಿ. 30 ನಿಮಿಷ ಮೀರಿದವರು 12ರಿಂದ 2ಕ್ಕೆ ಇಳಿದರು. ಸರಾಸರಿ ಹೆಚ್ಚಳ ಹೆಚ್ಚುಕಮ್ಮಿ ಸೊನ್ನೆ. ಯಶವಂತಪುರದ 33 ಜನರಿಗೆ ಇಂಥ ದಾರಿಯೇ ಇಲ್ಲ. ಇಷ್ಟು ಜನಕ್ಕೆ ಜಯನಗರದಲ್ಲಿ ಸೀಟು ಹಾಕುವುದಾದರೆ ಶಿಫ್ಟ್ ಯಾಕೆ ಮಾಡಬೇಕು? ಹೀಗಾಗಿ ಕೂಡ್ಲು ಗೇಟ್. ಚಿಕ್ಕ ರೂಮಿನ ಬಾಡಿಗೆ ಹೆಚ್ಚುವರಿ ಖರ್ಚು ನಿಜ. ಅದನ್ನು ನಾಲ್ಕು ಜನ ಬಿಟ್ಟುಹೋದರೆ ಆಗುವ ನಷ್ಟದ ಪಕ್ಕದಲ್ಲಿ ಇಟ್ಟು ನೋಡಿ.

ಸಂಜೆ ಪಾಳಿಯನ್ನು ಬೇರೆಯಾಗಿ ಯೋಚಿಸಿ. ರಾತ್ರಿ 8ರ ಮೇಲೆ ಮಹಿಳೆಯರು ಕೆಲಸ ಮಾಡುವಲ್ಲಿ ಸುರಕ್ಷಿತ ವಾಹನ ವ್ಯವಸ್ಥೆ ಮಾಡಬೇಕು ಅನ್ನುವ ಷರತ್ತು ಇದೆ. ಆಫೀಸ್ ಜಾಗ ಬದಲಾದರೆ ಕ್ಯಾಬಿನ ದಾರಿಯೂ ಬದಲಾಗುತ್ತದೆ, ಕೊನೆಗೆ ಇಳಿಯುವವರು ಮನೆ ಸೇರುವ ಹೊತ್ತೂ ಬದಲಾಗುತ್ತದೆ. ಹೊಸ ದಾರಿಯಲ್ಲಿ ಒಂದು ರಾತ್ರಿ ಕ್ಯಾಬ್ ಓಡಿಸಿ ನೋಡಿ.

ಹಂತ 4: ಸಹಿಗೆ ಮೊದಲು ಹೇಳಿ

ಸಿಬ್ಬಂದಿಗೆ ಸುದ್ದಿ ಪೇಂಟರ್ ಬಾಯಿಂದ ಗೊತ್ತಾಗಬಾರದು, ಅಲ್ವಾ? ಎರಡು ಜಾಗ ಉಳಿದಾಗಲೇ ಹೇಳಿ. ಲೆಕ್ಕವನ್ನು ಹೆಸರಿಲ್ಲದೆ ತೋರಿಸಿ. ತುಂಬಾ ಕಷ್ಟ ಆಗುವವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡಿ. ಗುಂಪಿನಲ್ಲಿ ಕೇಳಿದರೆ "ಪರವಾಗಿಲ್ಲ ಸರ್" ಅಂತಾರೆ, ಆಮೇಲೆ ರಾಜೀನಾಮೆ ಕೊಡುತ್ತಾರೆ.

ಬೇರೆ ಬೇರೆ ದಿಕ್ಕಿನ ನಾಲ್ಕೈದು ಜನರನ್ನು ಒಂದು ಬುಧವಾರ ಸೀದಾ ಹೊಸ ಜಾಗಕ್ಕೆ ಬರಲು ಹೇಳಿ, ಹೋಗುವುದೂ ಅಲ್ಲಿಂದಲೇ. ನಿಲ್ದಾಣದಿಂದ ಬಾಗಿಲವರೆಗೆ ಫುಟ್‌ಪಾತ್ ಇದೆಯಾ, ರಾತ್ರಿ ಬೀದಿದೀಪ ಉರಿಯುತ್ತದಾ, ಮಳೆ ಬಂದರೆ ಅಂಡರ್‌ಪಾಸ್ ತುಂಬುತ್ತದಾ, ಪಕ್ಕದಲ್ಲಿ ಊಟ ಎಲ್ಲಿ ಸಿಗುತ್ತದೆ ಅಂತ ಅವರು ಬಂದು ಹೇಳುವುದು ಯಾವ ಮ್ಯಾಪಿನಲ್ಲೂ ಇರುವುದಿಲ್ಲ. ಹೊಸ ಖರ್ಚಿಗೆ ಭತ್ಯೆ ಕೊಡುವುದಾದರೆ ಎಷ್ಟು, ಎಷ್ಟು ತಿಂಗಳು ಅಂತ ಬರೆದು ಕೊಡಿ.

ಅಗ್ರಿಮೆಂಟಿನಲ್ಲಿ ಒಂದು ವಿಷಯಕ್ಕೆ ಹಟ ಹಿಡಿಯಿರಿ: ಹಳೆಯ ಆಫೀಸು, ಹೊಸ ಆಫೀಸು ಎರಡೂ ಕನಿಷ್ಠ ಒಂದು ತಿಂಗಳು ನಿಮ್ಮ ಕೈಯಲ್ಲಿರಬೇಕು. ಎರಡು ಬಾಡಿಗೆ ದಂಡ ಅಂತ ಕಾಣುತ್ತದೆ. ಆದರೆ ಮುಂದಿನ ಎಲ್ಲ ಹಂತ ನಿಂತಿರುವುದು ಆ ತಿಂಗಳ ಮೇಲೆ.

ಹಂತ 5: ಇಂಟರ್ನೆಟ್, ಫೋನು

ಕುರ್ಚಿ, ಮೇಜು ತಡವಾದರೆ ನೆಲದ ಮೇಲೆ ಕೂತಾದರೂ ಕೆಲಸ ಮಾಡಬಹುದು. ಲೈನ್ ತಡವಾದರೆ ಏನೂ ಮಾಡಲಾಗುವುದಿಲ್ಲ. ಲೀಸ್ಡ್ ಲೈನಿಗೆ, ಅಂದರೆ ನಿಮ್ಮ ಆಫೀಸಿಗೇ ಮೀಸಲಾದ ಇಂಟರ್ನೆಟ್ ಲೈನಿಗೆ, ಅಗ್ರಿಮೆಂಟ್ ಆದ ದಿನವೇ ಅರ್ಜಿ ಹಾಕಿ. ಕಂಪನಿಯವರು ಬಂದು ನೋಡಬೇಕು, ರಸ್ತೆ ಅಗೆಯಬೇಕಾದರೆ ಪರವಾನಗಿ ಬೇಕು, ಕಟ್ಟಡದ ಮಾಲೀಕರು ಕೇಬಲ್ ಎಳೆಯಲು ಒಪ್ಪಬೇಕು. ಎರಡು ವಾರ ಅಂತ ಹೇಳಿದರೆ ಆರು ವಾರ ಅಂತ ಇಟ್ಟುಕೊಳ್ಳಿ. ಎರಡನೇ ಲೈನ್ ಬೇರೆ ಕಂಪನಿಯದ್ದು, ಸಾಧ್ಯವಾದರೆ ಬೇರೆ ದಾರಿಯಿಂದ ಬರುವಂಥದ್ದು ಇರಲಿ. ಎರಡೂ ಒಂದೇ ಕಂಬದ ಮೇಲೆ ಬಂದರೆ ಕಂಬಕ್ಕೆ ಲಾರಿ ಗುದ್ದಿದಾಗ ಎರಡೂ ಹೋಗುತ್ತವೆ.

ಇಂಟರ್ನೆಟ್ ಮೇಲೆ ಓಡುವ ಫೋನಿಗೆ ಸ್ಪೀಡ್ ಅಷ್ಟೇನೂ ಬೇಡ. ಒಂದು ಕರೆಗೆ ಸುಮಾರು 100 ಕೆಬಿಪಿಎಸ್ ಸಾಕು. 14 ಜನ ಒಟ್ಟಿಗೆ ಮಾತಾಡಿದರೂ ಒಂದೂವರೆ ಎಂಬಿಪಿಎಸ್. ಕೆಡುವುದು ಲೈನ್ ತುಂಡುತುಂಡಾಗಿ ಬಂದಾಗ. "ಹಲೋ, ಕೇಳಿಸ್ತಿದೆಯಾ?" ಅಂತ ಮೂರು ಸಲ ಕೇಳಬೇಕಾದರೆ ಸ್ಪೀಡ್ ಟೆಸ್ಟ್ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಹೊಸ ಜಾಗದಲ್ಲಿ ಕೇಬಲ್ ಹಾಕಿದ ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇದನ್ನು ಓಡಿಸಿ:

```
ping -n 500 8.8.8.8
```

ಸುಮಾರು ಎಂಟು ನಿಮಿಷ ಓಡುತ್ತದೆ. ಕೊನೆಯಲ್ಲಿ ತೋರಿಸುವ `Lost` ಶೇ 1 ದಾಟಿದರೆ, ಅಥವಾ `Maximum` ಅನ್ನುವುದು `Average` ನ ಹಲವು ಪಟ್ಟು ಇದ್ದರೆ, ಲೈನ್ ಕಂಪನಿಯನ್ನು ಕರೆಸಿ. ಫೋನ್ ಡೆಸ್ಕನ್ನು ಅಲ್ಲಿಯವರೆಗೆ ಸಾಗಿಸಬೇಡಿ.

ಗ್ರಾಹಕರ ಕೈಯಲ್ಲಿರುವ ನಂಬರು ಹಳೆಯ ಲ್ಯಾಂಡ್‌ಲೈನ್ ಆಗಿದ್ದರೆ ಎಕ್ಸ್‌ಚೇಂಜ್ ಬದಲಾದಾಗ ನಂಬರೂ ಬದಲಾಗಬಹುದು. ಅರ್ಜಿ ಕೊಡುವ ಮೊದಲೇ ಕೇಳಿ. ಉಳಿಯುವುದಿಲ್ಲ ಅಂದರೆ ಆ ಲೈನನ್ನು ಜಯನಗರದ ಕೌಂಟರಿಗೆ ಸಾಗಿಸಿ, ಅಲ್ಲಿಂದ ಕರೆಗಳನ್ನು ಮುಂದಕ್ಕೆ ಕಳಿಸಿ. ಇನ್ನೊಂದು ವಿಷಯ ಬಹಳ ಕಡೆ ಮರೆತುಹೋಗುತ್ತದೆ. ಲೈನ್ ಬದಲಾದರೆ ಆಫೀಸಿನ ಸ್ಟ್ಯಾಟಿಕ್ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಲೈನನ್ನು ಗುರುತಿಸುವ ನಂಬರು, ಬದಲಾಗುತ್ತದೆ. ಬ್ಯಾಂಕು, ಪೇಮೆಂಟ್ ಗೇಟ್‌ವೇ, ದೊಡ್ಡ ಗ್ರಾಹಕ ಕಂಪನಿಗಳು ಹಳೆಯ ಐಪಿಗೆ ಮಾತ್ರ ಬಾಗಿಲು ತೆರೆದಿಟ್ಟಿರಬಹುದು. ಹೊಸ ಐಪಿಯನ್ನು ಎರಡು ವಾರ ಮೊದಲೇ ಕೊಟ್ಟು, ಕೆಲವು ದಿನ ಎರಡಕ್ಕೂ ಅನುಮತಿ ಇಡಿಸಿ.

ಹಂತ 6: ದಿನ ಆರಿಸುವುದು

ಹಿಂದಿನ ಮೂರು ತಿಂಗಳ ಕರೆಗಳ ಲೆಕ್ಕ ತೆಗೆದು ವಾರದ ದಿನ, ಗಂಟೆ ಪ್ರಕಾರ ಇಡಿ. ರಿಪೇರಿ ಕಂಪನಿಗೆ ಸೋಮವಾರ ಬೆಳಿಗ್ಗೆ ತಲೆ ಎತ್ತಲು ಆಗುವುದಿಲ್ಲ, ಭಾನುವಾರ ಕೆಟ್ಟದ್ದೆಲ್ಲ ಆಗ ಬರುತ್ತದೆ. ಶನಿವಾರ, ಭಾನುವಾರ ಸಾಗಿಸಿ ಸೋಮವಾರ ಹೊಸ ಜಾಗದಲ್ಲಿ ಫೋನ್ ತೆಗೆಯುತ್ತೇವೆ ಅನ್ನುವ ಯೋಜನೆ ಇಂಥ ಕಡೆ ಅತಿ ಕೆಟ್ಟದ್ದು.

ಇನ್ನು ಮುಹೂರ್ತ. ಆಷಾಢ ಬೇಡ, ಬುಧವಾರ ಬೆಳಿಗ್ಗೆ 9.40ಕ್ಕೆ ಒಳ್ಳೆಯ ಲಗ್ನ ಅಂತ ಯಜಮಾನರು ಹೇಳುತ್ತಾರೆ. ಅದಕ್ಕೆ ಜಗಳ ಬೇಡ. ಆ ದಿನ ಹೊಸ ಜಾಗದಲ್ಲಿ ಗಣಪತಿ ಪೂಜೆ ಮಾಡಿ, ಹಾಲು ಉಕ್ಕಿಸಿ, ಒಂದು ಮೇಜು ಇಟ್ಟು ಬನ್ನಿ. ಪ್ರವೇಶ ಆಯಿತು. ಉಳಿದದ್ದನ್ನು ಕರೆಗಳ ಲೆಕ್ಕ ಹೇಳಿದ ದಿನ ಸಾಗಿಸಿ.

ಹಂತ 7: ಮೂರು ಕಂತಿನಲ್ಲಿ ಸಾಗಣೆ

ಮೊದಲ ಕಂತು ನೆಟ್‌ವರ್ಕ್ ಮತ್ತು ಜಯನಗರದ ಕೌಂಟರ್ ರೂಮು. ನಾಲ್ಕು ಫೋನ್ ಸೀಟು ಅಲ್ಲಿ ಶುರುವಾಗಿ ಒಂದು ವಾರ ತೊಂದರೆಯಿಲ್ಲದೆ ಓಡಬೇಕು. ಆಗ ದೊಡ್ಡ ಸಾಗಣೆಯ ದಿನ ಏನೇ ಆದರೂ ಫೋನ್ ತೆಗೆಯಲು ಜನ ಇದ್ದೇ ಇರುತ್ತಾರೆ.

ಎರಡನೇ ಕಂತು ಲೆಕ್ಕಪತ್ರ, ಸ್ಟೋರ್ಸ್, ಉಳಿದವರು. ಶುಕ್ರವಾರ ಸಂಜೆ ಸಾಗಿಸಿ, ಸೋಮವಾರ ಅಲ್ಲಿ ಕೆಲಸ. ಇವರು ಮೊದಲ ಎರಡು ದಿನ ಹೇಳುವ ದೂರುಗಳನ್ನು ಬರೆದುಕೊಳ್ಳಿ. ಲಿಫ್ಟ್ ಸಾಲುವುದಿಲ್ಲ, ಯುಪಿಎಸ್ ಹತ್ತು ನಿಮಿಷಕ್ಕೆ ಕೈಕೊಡುತ್ತದೆ, ದ್ವಿಚಕ್ರ ವಾಹನ ನಿಲ್ಲಿಸಲು ಜಾಗ ಇಲ್ಲ. ಫೋನ್ ಡೆಸ್ಕ್ ಬರುವ ಮೊದಲು ಇವು ಸರಿಯಾಗಬೇಕು. ಕರೆಂಟ್ ಹೋದಾಗ ಏನಾಗುತ್ತದೆ ಅಂತ ಕಾಯಬೇಡಿ, ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ.

ಮೂರನೇ ಕಂತು ಫೋನ್ ಡೆಸ್ಕಿನ ಉಳಿದ 7 ಜನ. ವಾರದ ಮಧ್ಯೆ, ಕರೆ ಕಡಿಮೆ ಇರುವ ಮಧ್ಯಾಹ್ನ, ಮೊದಲು ಇಬ್ಬರು. ಎರಡು ದಿನ ಬಿಟ್ಟು ಇನ್ನುಳಿದವರು. ಹಳೆಯ ಆಫೀಸಿನಲ್ಲಿ ಅವರ ಸೀಟು, ಲೈನು ಹಾಗೇ ಇರಲಿ. ವಾಪಸ್ ಬರುವ ಗೆರೆಯನ್ನು ಮೊದಲೇ ಎಳೆದಿಡಿ. ಮಾಮೂಲಿಯಾಗಿ ನೂರಕ್ಕೆ 6 ಕರೆ ಉತ್ತರ ಸಿಗದೆ ಕಟ್ ಆಗುತ್ತಿದ್ದರೆ, ಅದು ಅರ್ಧ ಗಂಟೆ 15ರ ಮೇಲೆ ಹೋದರೆ ಕರೆಗಳನ್ನು ಜಯನಗರಕ್ಕೆ ತಿರುಗಿಸಬೇಕು. ಈ ತೀರ್ಮಾನ ಮಾಡುವವರು ಒಬ್ಬರೇ ಇರಲಿ, ಅವರು ಆ ದಿನ ಪೆಟ್ಟಿಗೆ ಎಣಿಸುತ್ತಾ ಇರಬಾರದು.

ಹಂತ 8: ವಿಳಾಸ ಬದಲಾಗಬೇಕಾದ ಕಡೆಗಳು

ಜಿಎಸ್‌ಟಿಯಲ್ಲಿ ಹೊಸ ಜಾಗವನ್ನು ಸ್ಟಾಕ್ ಸಾಗಿಸುವ ಮೊದಲೇ ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸಿ. ಸ್ಪೇರ್ ಪಾರ್ಟ್ಸ್ ಹೋಗುವಾಗ ಡೆಲಿವರಿ ಚಲನ್ ಜೊತೆಗಿರಲಿ. ಮುಖ್ಯ ಸ್ಥಳ ಬದಲಾದರೆ REG-14 ಅರ್ಜಿಯನ್ನು 15 ದಿನದೊಳಗೆ ಹಾಕಬೇಕು. ಜಯನಗರದ ಕೌಂಟರು ಮತ್ತು ಅದರ ರೂಮು ಹೊಸ ಬಾಡಿಗೆ ಜಾಗವಾದರೆ ಅದನ್ನೂ ಸೇರಿಸಲು ಮರೆಯಬೇಡಿ. ಕಂಪನಿಯ ನೋಂದಾಯಿತ ಕಚೇರಿ ಬದಲಾದರೆ INC-22 ನಮೂನೆಗೆ 30 ದಿನ. ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಪಿಎಫ್, ಇಎಸ್‌ಐ, ಬ್ಯಾಂಕ್ ಇವುಗಳನ್ನು ನಿಮ್ಮ ಆಡಿಟರ್ ಪಟ್ಟಿಗೆ ಹಾಕಿ.

ಗ್ರಾಹಕರ ಮಟ್ಟಿಗೆ ಮುಖ್ಯವಾದದ್ದು ಗೂಗಲ್ ಮ್ಯಾಪ್ಸ್. ಹೊಸ ಜಾಗಕ್ಕೆ ಹೊಸ ಪ್ರೊಫೈಲ್ ಮಾಡಬೇಡಿ, ಹಳೆಯ ರಿವ್ಯೂಗಳೆಲ್ಲ ಹಳೆಯದರಲ್ಲೇ ಉಳಿದುಬಿಡುತ್ತವೆ. ನಮ್ಮ ಉದಾಹರಣೆಯಲ್ಲಿ ಹಳೆಯ ಪ್ರೊಫೈಲನ್ನು ಜಯನಗರದ ಕೌಂಟರಿನ ವಿಳಾಸಕ್ಕೆ ತಿದ್ದಬೇಕು, ಕೂಡ್ಲು ಗೇಟ್‌ಗೆ ಅಲ್ಲ. ಗ್ರಾಹಕರು ಬರಬೇಕಾದ್ದು ಕೌಂಟರಿಗೆ. ವಿಳಾಸ ತಿದ್ದಿದ ಮೇಲೆ ಗೂಗಲ್ ಮತ್ತೆ ದೃಢೀಕರಣಕ್ಕೆ ವಿಡಿಯೋ ಕೇಳಬಹುದು. ಹೀಗಾಗಿ ಬೋರ್ಡ್ ಹಾಕಿದ ಮೇಲೆಯೇ ತಿದ್ದಿ.

ಮೆಸೇಜ್ ಎರಡು ಸಲ ಸಾಕು, ಎರಡು ವಾರ ಮೊದಲು ಒಂದು, ಹಿಂದಿನ ದಿನ ಒಂದು. ಹೊಸ ಆಫೀಸಿನ ಹೊಗಳಿಕೆ ಬೇಡ. ಫೋನ್ ನಂಬರು ಅದೇ, ಸ್ಪೇರ್ ಪಾರ್ಟ್ಸ್ ಸಿಗುವ ಜಾಗ ಇದು, ಸಮಯ ಇದು. ಅಂಚೆಗೆ ಹಳೆಯ ಪಿನ್‌ಕೋಡಿನ ಅಂಚೆ ಕಚೇರಿಯಲ್ಲಿ ಪತ್ರಗಳನ್ನು ಹೊಸ ವಿಳಾಸಕ್ಕೆ ಕಳಿಸಲು ಅರ್ಜಿ ಕೊಡಿ. ಹಳೆಯ ಬಾಗಿಲಿಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಚೀಟಿ ಅಂಟಿಸಿ. ಪಕ್ಕದ ಅಂಗಡಿಯವರಿಗೂ ಸೆಕ್ಯುರಿಟಿಗೂ ಬಾಯಲ್ಲಿ ಹೇಳಿಡಿ. ದಾರಿ ಕೇಳುವವರು ಚೀಟಿ ಓದುವುದಕ್ಕಿಂತ ಅವರನ್ನು ಕೇಳುವುದೇ ಜಾಸ್ತಿ.

ಹಂತ 9: ಆರು ವಾರದ ಮೇಲೆ ಮತ್ತೆ ಅಳೆಯುವುದು

ಮೊದಲ ವಾರದ ಓಡಾಟದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ, ಎಲ್ಲರೂ ದಾರಿ ಹುಡುಕುತ್ತಾ ಇರುತ್ತಾರೆ. ಆರು ವಾರ ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ತುಂಬಿಸಿ. ಅಂದಾಜಿಗಿಂತ 15 ನಿಮಿಷ ಜಾಸ್ತಿ ಆದವರ ಜೊತೆ ಮತ್ತೆ ಕೂತು ಮಾತಾಡಿ. ಹಲವು ಸಲ ಪಾಳಿಯನ್ನು ಅರ್ಧ ಗಂಟೆ ಹಿಂದೆ ಮುಂದೆ ಮಾಡಿದರೆ ಸಾಕಾಗುತ್ತದೆ. ಬೆಳಿಗ್ಗೆ 9.30ರ ಬದಲು 8.30ಕ್ಕೆ ಬರುವವರಿಗೆ ಹೊಸೂರು ರಸ್ತೆ ಬೇರೆಯೇ ರಸ್ತೆ. ಕಟ್ ಆದ ಕರೆಗಳ ಲೆಕ್ಕವನ್ನೂ ಸಾಗಣೆಯ ಹಿಂದಿನ ಆರು ವಾರದ ಜೊತೆ ಹೋಲಿಸಿ. ಮೊದಲಿದ್ದ ಮಟ್ಟಕ್ಕೆ ಬಾರದಿದ್ದರೆ, ಜಯನಗರದ ನಾಲ್ಕು ಸೀಟಿನವರ ಅಂಕಿ ಮತ್ತು ಕೂಡ್ಲು ಗೇಟ್‌ನವರ ಅಂಕಿ ಬೇರೆ ಬೇರೆ ತೆಗೆದು ನೋಡಿ. ಒಂದೇ ಕಡೆ ಕೆಟ್ಟಿದ್ದರೆ ಅದು ಲೈನಿನ ತೊಂದರೆ ಇರಬಹುದು. ಎರಡೂ ಕಡೆ ಕೆಟ್ಟಿದ್ದರೆ ಜನ ಕಡಿಮೆ ಬಿದ್ದಿದ್ದಾರೆ, ರಜೆಯ ಪುಸ್ತಕ ತೆಗೆಯಿರಿ.